ಹೆಡ್‌ಹಂಟರ್‌ಗೆ ಮೊದಲ ಮೇಲ್: ಏನು ಹೇಳಲಿ, ಏನು ಗುಟ್ಟಾಗಿಡಲಿ?

ಪ್ರಶ್ನೆ: ನಾನು ಒಂದು ಕಂಪನಿಯಲ್ಲಿ ಸಿಎಫ್‌ಒ. ಬೇರೆ ಕಡೆ ನೋಡ್ತಾ ಇದ್ದೇನೆ, ಅದು ನಮ್ಮ ಬೋರ್ಡ್‌ಗೆ ಗೊತ್ತಾಗಬಾರದು. ಹೆಡ್‌ಹಂಟರ್‌ಗೆ ಏನಂತ ಬರೆಯಲಿ?

ಎಚ್‌ಆರ್‌ನಲ್ಲಿರುವವರು: ಪರ್ಸನಲ್ ಮೇಲ್‌ನಿಂದ ಕಳಿಸಿ ಸರ್. ಸಿವಿಯಲ್ಲಿ ಹೆಸರು, ಕಂಪನಿ ಎರಡೂ ತೆಗೆದುಬಿಡಿ. ಅಷ್ಟು ಸಾಕು.

ಸರ್ಚ್ ಕನ್ಸಲ್ಟೆಂಟ್: ಪರ್ಸನಲ್ ಮೇಲ್ ಸರಿ, ಆದರೆ ಈ ಮಟ್ಟದಲ್ಲಿ ಹೆಸರು ತೆಗೆದರೂ ಏನೂ ಮುಚ್ಚಿಡೋಕಾಗಲ್ಲ. 'ಸಿಮೆಂಟ್ ಕಂಪನಿಯ ಸಿಎಫ್‌ಒ, ಮೊದಲು ಔಷಧ ಕಂಪನಿಯಲ್ಲಿದ್ದರು, ಎರಡು ವರ್ಷದ ಹಿಂದೆ ಐಪಿಒ ಮಾಡಿಸಿದರು' ಅಂತಿದ್ದರೆ ಆ ಉದ್ಯಮದಲ್ಲಿರುವ ಯಾರೇ ಆದರೂ ಅದು ನೀವೇ ಅಂತ ಹೇಳಿಬಿಡುತ್ತಾರೆ. ಹಾಗಾಗಿ ಮೊದಲ ಮೇಲ್‌ಗೆ ಸಿವಿ ಸೇರಿಸಲೇಬೇಡಿ, ಫೋನಿನಲ್ಲಿ ಮಾತಾಡೋಣ ಅನ್ನಿ.

ಇನ್ನೊಂದು ವಿಷಯ ನೆನಪಿರಲಿ, ನಮ್ಮಂಥ ಹೆಡ್‌ಹಂಟರ್‌ಗಳಿಗೆ ಫೀಸು ಕೊಡೋದು ನೇಮಕ ಮಾಡಿಕೊಳ್ಳುವ ಕಂಪನಿ, ನೀವಲ್ಲ. ಅದಕ್ಕೇ ಷರತ್ತುಗಳನ್ನು ನೀವೇ ಬರೆದು ಕೊಡಬೇಕು. ನನಗೆ ಇಂಥ ಮೇಲ್ ಬಂದರೆ ಖುಷಿ:

'ನಾನು ಸಿಎಫ್‌ಒ ಅಥವಾ ಸಿಇಒ ಹುದ್ದೆ ನೋಡುತ್ತಿದ್ದೇನೆ, ತಯಾರಿಕಾ ಕ್ಷೇತ್ರವಾದರೆ ಒಳ್ಳೆಯದು. ಅವಸರವಿಲ್ಲ, ಆರು ತಿಂಗಳಾದರೂ ಕಾಯುತ್ತೇನೆ. ಪ್ರತಿ ಹುದ್ದೆಗೂ ಮೊದಲು ಕಂಪನಿಯ ಹೆಸರು ಹೇಳಿ. ನಾನು ಬರೆದು ಒಪ್ಪಿದ ಮೇಲೇ ನನ್ನ ಹೆಸರು ಅಲ್ಲಿಗೆ ಹೋಗಲಿ. ಆಫರ್ ಬಹುತೇಕ ಖಚಿತವಾಗುವ ತನಕ ನನ್ನ ಬಗ್ಗೆ ಯಾರ ಹತ್ತಿರವೂ ವಿಚಾರಿಸಬೇಡಿ. ನಮ್ಮ ಕಂಪನಿ ನಿಮ್ಮ ಗ್ರಾಹಕರೇ?'

ಕೊನೆಯ ಆ ಪ್ರಶ್ನೆ ಬಿಡಬೇಡಿ. ಗ್ರಾಹಕರಾಗಿದ್ದರೆ ಅಲ್ಲಿಂದ ಜನರನ್ನು ಎಳೆದುಕೊಳ್ಳಬಾರದು ಅಂತ ಸರ್ಚ್ ಕಂಪನಿ ಸಾಮಾನ್ಯವಾಗಿ ಮಾತು ಕೊಟ್ಟಿರುತ್ತದೆ. ಜೊತೆಗೆ, ನಿಮ್ಮ ಬೋರ್ಡ್ ಜೊತೆ ಮಾತಾಡುವ ಪಾರ್ಟ್ನರ್ ಪಕ್ಕದ ಕೋಣೆಯಲ್ಲೇ ಕೂತಿರಬಹುದು, ಡೇಟಾಬೇಸ್‌ನಲ್ಲಿ ನಿಮ್ಮ ಹೆಸರು ಅವರಿಗೂ ಕಾಣಿಸಬಹುದು. ಅಂಥಲ್ಲಿ ಬೇರೆ ಸರ್ಚ್ ಕಂಪನಿ ನೋಡಿ.

ಇನ್ನೊಬ್ಬರು: ನಾನಂತೂ ಲಿಂಕ್ಡ್‌ಇನ್‌ನಲ್ಲಿ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ 'ಓಪನ್ ಟು ವರ್ಕ್' ಹಾಕಿದ್ದೆ. ಆದರೂ ನಮ್ಮ ಮ್ಯಾನೇಜರ್‌ಗೆ ಗೊತ್ತಾಯ್ತು, ಮುಂದಿನ ಪ್ರಮೋಷನ್ ಹೋಯ್ತು. ಪ್ರೊಫೈಲೇ ಇಟ್ಟುಕೊಳ್ಳಬಾರದು ಅನ್ಸುತ್ತೆ.

ಸರ್ಚ್ ಕನ್ಸಲ್ಟೆಂಟ್: ಅಯ್ಯೋ, ಬೇಜಾರಾಯ್ತು. ಪೂರ್ತಿ ಗೌಪ್ಯತೆಗೆ ಖಾತ್ರಿ ಇಲ್ಲ ಅಂತ ಲಿಂಕ್ಡ್‌ಇನ್ನೇ ಹೇಳುತ್ತದೆ. ಪ್ರೊಫೈಲ್ ಇರಲಿ, ನಾವು ಹುಡುಕೋದೂ ಅಲ್ಲೇ. ಆ ಗುರುತು ಮಾತ್ರ ಬೇಡ.

ಕೇಳಿದವರು: ನಮ್ಮ ಬೋರ್ಡ್‌ನ ಒಬ್ಬರು ಇನ್ನೂ ಎರಡು ಕಂಪನಿಗಳ ಬೋರ್ಡ್‌ನಲ್ಲಿದ್ದಾರೆ. ಮತ್ತೆ ಈಗಿನ ಸಂಬಳ ಹೇಳಲೇ?

ಸರ್ಚ್ ಕನ್ಸಲ್ಟೆಂಟ್: ಆ ಎರಡೂ ಕಂಪನಿಗಳ ಹೆಸರು ಬರೆದು, 'ಇಲ್ಲಿಗೆ ಯಾವ ಕಾರಣಕ್ಕೂ ಬೇಡ' ಅನ್ನಿ. ಪೈಪೋಟಿ ಕಂಪನಿಗಳನ್ನೂ ಸೇರಿಸಿ. ಸಂಬಳ ನನಗೆ ಹೇಳಿದರೆ ಹೊಂದದ ಹುದ್ದೆಗಳಿಗೆ ನಿಮ್ಮನ್ನು ಕರೆಯಲ್ಲ. ನಿಮ್ಮ ಕಂಪನಿಯ ಇನ್ನೂ ಪ್ರಕಟವಾಗದ ಫಲಿತಾಂಶ, ಮಾರಾಟದ ಮಾತುಕತೆ ಮಾತ್ರ ನನಗೂ ಹೇಳಬೇಡಿ.

ಎಚ್‌ಆರ್‌ನಲ್ಲಿರುವವರು: ಸಂಬಳದ ವಿಷಯ ನಾನು ಒಪ್ಪಲ್ಲ. ಒಮ್ಮೆ ಅಂಕಿ ಹೇಳಿದರೆ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತೆ. ಎಷ್ಟು ಬೇಕು ಅಂತ ಮಾತ್ರ ಹೇಳಿ.

ಕೇಳಿದವರು: ಸಂಬಳದ ಬಗ್ಗೆ ಇನ್ನೂ ಯೋಚಿಸುತ್ತೇನೆ. ಉಳಿದದ್ದು ಇವತ್ತೇ ಬರೆಯುತ್ತೇನೆ, ಸಿವಿ ಇಲ್ಲದೆ.