ಹೂ ಮುಡಿಸಿದ ಚಿತ್ರ ಮತ್ತು ಮೇ ಕೊನೆಯ ವಾರ

(ನಮ್ಮ ಪದವಿ ತರಗತಿಯ ವಾಟ್ಸಾಪ್ ಗುಂಪು, 2026ರ ಫೆಬ್ರವರಿ)

ರಘು (ಭಾನುವಾರ, ಸಂಜೆ 6:10, ಚಿತ್ರದೊಂದಿಗೆ): ನಮ್ಮ ಸುಮಾಳ ನಿಶ್ಚಿತಾರ್ಥ ಇಂದು ನೆರವೇರಿತು. ಮೇ ಕೊನೆಯ ವಾರ ಮೈಸೂರಿನಲ್ಲಿ ಮದುವೆ. ಎಲ್ಲರೂ ಈಗಲೇ ರಜೆ ಹಾಕಿಡಿ. ಹಾರ್ದಿಕ ಅಭಿನಂದನೆಗಳು!

ಅನುಪಮಾ (ಸೋಮವಾರ, ರಾತ್ರಿ 8:40): ರಘು, ನಿನ್ನ ಸಂತೋಷದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಸುಮಾ ನನ್ನ ಚಿಕ್ಕಪ್ಪನ ಮಗಳಾದ್ದರಿಂದ, ನಿನ್ನೆಯಿಂದ ಅವರ ಮನೆಯಲ್ಲಿ ಏನಾಗುತ್ತಿದೆ ಎಂಬುದು ನನಗೆ ಗೊತ್ತು. ಆ ಚಿತ್ರದ ತಟ್ಟೆಯನ್ನು ಒಮ್ಮೆ ಹಿಗ್ಗಿಸಿ ನೋಡು. ಅದರಲ್ಲಿ ಮಲ್ಲಿಗೆ, ಕುಂಕುಮ, ಬಾಳೆಹಣ್ಣು ಮತ್ತು ಒಂದು ರವಿಕೆ ಕಣ ಮಾತ್ರ ಇವೆ. ಹುಡುಗನ ಕಡೆಯ ಹೆಂಗಸರು ಬಂದು, ಹುಡುಗಿ ಒಪ್ಪಿಗೆ ಎಂದು ಹೇಳುವುದಕ್ಕಾಗಿ ಹೂ ಮುಡಿಸಿ ಹೋದರು. ನಿಶ್ಚಿತಾರ್ಥವೆಂದರೆ ಎರಡೂ ಕಡೆಯ ಹಿರಿಯರು ಕುಳಿತು, ಪುರೋಹಿತರು ಮುಹೂರ್ತ ಬರೆದ ಲಗ್ನಪತ್ರಿಕೆಯನ್ನು ಓದಿ, ತಾಂಬೂಲದ ತಟ್ಟೆಗಳನ್ನು ಬದಲಾಯಿಸಿಕೊಳ್ಳುವುದು. ಮುಹೂರ್ತವೇ ಗೊತ್ತಾಗದಿರುವಾಗ ಪತ್ರಿಕೆ ಎಲ್ಲಿಂದ ಬರಬೇಕು?

ವೀಣಾ: ನನಗೆ ಇದು ಅತಿಯಾಯಿತು ಎನಿಸುತ್ತದೆ. ಅದೇ ಚಿತ್ರವನ್ನು ಸುಮಾ ತಾನೇ ಸ್ಟೇಟಸ್‌ನಲ್ಲಿ ಹಾಕಿದ್ದಳಲ್ಲವೇ? ಮುಚ್ಚಿಡಬೇಕಾಗಿದ್ದರೆ ಹಾಕುತ್ತಿದ್ದಳೇ?

ಅನುಪಮಾ: ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹೋಗುತ್ತದೆ, ಯಾರು ನೋಡಬೇಕೆಂಬುದನ್ನು ಅವಳೇ ಆರಿಸಿಕೊಂಡಿದ್ದಳು. ಅದಕ್ಕಿಂತ ಮುಖ್ಯವಾಗಿ, ಅವಳು ಚಿತ್ರದ ಕೆಳಗೆ ಒಂದೇ ಒಂದು ಹೂವಿನ ಗುರುತು ಹಾಕಿದ್ದಳು. ತಿಂಗಳು, ಊರು ಸೇರಿಸಿದ್ದು ರಘು.

ರಘು: ಮೇ ಎಂದು ಅವಳ ಬಾಯಿಂದಲೇ ಕೇಳಿದ್ದೆ. ಕೊನೆಯ ವಾರ ಎಂಬುದು ನನ್ನ ಊಹೆ. ಮಕ್ಕಳಿಗೆ ಶಾಲೆಯ ರಜೆ ಇರುತ್ತದೆ ಎಂದುಕೊಂಡೆ.

ಅನುಪಮಾ: ಆ ಊಹೆಯೇ ತೊಂದರೆಯಾಗಿದ್ದು. ಈ ಸಲ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ನಮ್ಮಲ್ಲಿ ಅಧಿಕ ಮಾಸದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ನಿನ್ನ ಸಂದೇಶ ಅದು ಹೇಗೋ ಹುಡುಗನ ಸೋದರತ್ತೆಯ ಫೋನಿಗೆ ತಲುಪಿ, ಅವರು ಇಂದು ಬೆಳಿಗ್ಗೆ ಚಿಕ್ಕಪ್ಪನಿಗೆ ಕರೆ ಮಾಡಿ, "ಅಧಿಕ ಮಾಸದಲ್ಲಿ ಮದುವೆ ಇಟ್ಟವರು ಯಾರು, ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ" ಎಂದರು. ಚಿಕ್ಕಪ್ಪ ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟು, ಮುಕ್ಕಾಲು ಗಂಟೆ ಸಮಜಾಯಿಷಿ ಹೇಳಿದರು.

ವೀಣಾ: ಹಾಗಾದರೆ ಜೂನ್ 16ರ ನಂತರ ನಿಜ ಜ್ಯೇಷ್ಠದಲ್ಲಿ ಮಾಡಬಹುದಲ್ಲ?

ಅನುಪಮಾ: ಸುಮಾ ಮನೆಯ ಹಿರಿಯ ಮಗಳು, ಹುಡುಗನೂ ಹಿರಿಯ ಮಗ. ಇಬ್ಬರಲ್ಲಿ ಒಬ್ಬರು ಮಾತ್ರ ಜ್ಯೇಷ್ಠರಾದರೆ ಪರವಾಗಿಲ್ಲ ಎನ್ನುವ ಪುರೋಹಿತರಿದ್ದಾರೆ, ಆದರೆ ತಿಂಗಳೂ ಸೇರಿ ಮೂರು ಜ್ಯೇಷ್ಠ ಕೂಡಬಾರದು ಎಂದು ಎರಡೂ ಮನೆಯವರು ನಂಬುತ್ತಾರೆ. ಜುಲೈ ಮಧ್ಯದಿಂದ ಆಷಾಢ. ಆದ್ದರಿಂದ ಉಳಿದಿರುವುದು ಎರಡೇ ದಾರಿ: ಮೇ 16ರೊಳಗೆ ವೈಶಾಖದಲ್ಲಿ ಮುಗಿಸುವುದು, ಇಲ್ಲವೇ ಆಗಸ್ಟ್ 13ರ ನಂತರ ಶ್ರಾವಣಕ್ಕೆ ಕಾಯುವುದು. ಹುಡುಗನಿಗೆ ವಿದೇಶದಿಂದ ಬರಲು ರಜೆ ಸಿಗುವುದು ವೈಶಾಖದಲ್ಲಿ. ಆದರೆ ಚಿಕ್ಕಪ್ಪ ವಿಚಾರಿಸಿದ ಛತ್ರಗಳೆಲ್ಲ ಆ ದಿನಗಳಿಗೆ ಆಗಲೇ ಭರ್ತಿಯಾಗಿವೆ. ಮಾತುಕತೆ ಅಲ್ಲಿಗೇ ನಿಂತಿದೆ. ಎರಡು ಕಡೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನವಾಗಿ ಹೆಜ್ಜೆ ಇಡುತ್ತಿದ್ದಾಗ ನಿನ್ನ ಸಂದೇಶ ಹೋಯಿತು.

ಇಮ್ರಾನ್ (ಗುಂಪಿನ ಅಡ್ಮಿನ್): ನಾನೇ ಅಳಿಸಬಹುದು, ಆದರೆ ರಘು ತಾನಾಗಿ ಅಳಿಸಿದರೆ ಚೆನ್ನ. ಕಳಿಸಿ ಎರಡು ದಿನ ಹನ್ನೆರಡು ಗಂಟೆಗಳವರೆಗೆ ಎಲ್ಲರಿಗೂ ಅಳಿಸುವ ಅವಕಾಶವಿದೆ, ಇನ್ನೂ ಸಮಯವಿದೆ. ಆದರೆ ಬೇರೆಡೆಗೆ ಫಾರ್ವರ್ಡ್ ಆದ ಪ್ರತಿಗಳಿಗೆ ಇದು ತಾಗುವುದಿಲ್ಲ. ಆ ಸೋದರತ್ತೆಯವರ ಫೋನಿನಲ್ಲಿ ಅದು ಉಳಿಯುತ್ತದೆ.

ರಘು: ಅಳಿಸಿದ್ದೇನೆ. ಹಾಗಾದರೆ ಅಭಿನಂದನೆಯನ್ನೇ ಹೇಳಬಾರದೇ? ಹತ್ತು ವರ್ಷಗಳ ಗೆಳತಿ. ಲಗ್ನಪತ್ರಿಕೆ ಬರುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೇ?

ವೀಣಾ: ನನ್ನ ಪ್ರಶ್ನೆಯೂ ಅದೇ. ಮೌನವಾಗಿದ್ದರೆ, ನಮಗೆ ಇಷ್ಟವಿಲ್ಲವೇನೋ ಎಂದು ಅವಳು ತಿಳಿಯುವುದಿಲ್ಲವೇ?

ಅನುಪಮಾ: ಹೇಳು, ಅವಳಿಗೇ ನೇರವಾಗಿ ಹೇಳು. "ಒಪ್ಪಿಗೆಯಾಯಿತೆಂದು ಕೇಳಿ ಸಂತೋಷವಾಯಿತು" ಎಂದರೆ ಸಾಕು. ಮದುವೆ ಯಾವಾಗ, ಎಲ್ಲಿ, ಯಾರ ಕಡೆಯಿಂದ ಎಂಬ ಪ್ರಶ್ನೆ ಹಿಂದೆಯೇ ಬರಬಾರದು. ಕೇಳಿದರೆ ಅವಳು ಏನಾದರೊಂದು ಉತ್ತರ ಹೇಳಬೇಕಾಗುತ್ತದೆ, ಆ ಉತ್ತರ ಸಂಜೆಯೊಳಗೆ ಇನ್ನೊಂದು ಗುಂಪಿನಲ್ಲಿರುತ್ತದೆ. ನಿಶ್ಚಿತಾರ್ಥ ಎಂಬ ಪದವನ್ನೂ ಸದ್ಯಕ್ಕೆ ಬಳಸಬೇಡ. ಅದನ್ನು ಓದಿದ ನೆಂಟರು "ನಮಗೆ ಕರೆಯಲಿಲ್ಲವಲ್ಲ" ಎಂದು ಮುನಿಸಿಕೊಳ್ಳುತ್ತಾರೆ, ನಡೆಯದ ಸಮಾರಂಭಕ್ಕೆ ಕರೆಯಲಿಲ್ಲವೆಂದು ಚಿಕ್ಕಪ್ಪ ಕ್ಷಮೆ ಕೇಳಬೇಕಾಗುತ್ತದೆ.

ಸುಮಾ (ರಾತ್ರಿ 10:25): ಎಲ್ಲವನ್ನೂ ಓದಿದೆ. ರಘು, ಬೇಸರ ಮಾಡಿಕೊಳ್ಳಬೇಡ. ಮೇ ಎಂದದ್ದು ನಾನೇ, ಖಚಿತವಲ್ಲ ಎಂದು ಸೇರಿಸುವುದನ್ನು ಮರೆತೆ. ಆ ಅತ್ತೆಗೆ ನಾನೇ ಕರೆ ಮಾಡಿ ಮಾತಾಡಿದ್ದೇನೆ. ಅಧಿಕ ಮಾಸದ ವಿಷಯ ಎರಡು ನಿಮಿಷದಲ್ಲಿ ಮುಗಿಯಿತು. ಚಿತ್ರದಲ್ಲಿ ತಾವು ಕಣ್ಣು ಮುಚ್ಚಿಕೊಂಡಿರುವುದನ್ನು ಊರೆಲ್ಲ ನೋಡಿತಲ್ಲ ಎಂಬ ಅವರ ತಕರಾರು ಮಾತ್ರ ಇನ್ನೂ ಮುಗಿದಿಲ್ಲ.