ಸಹಾಯ ಬೇಕು: ವ್ಯಾಲ್ಯೂ ಚೈನ್‌ನಲ್ಲಿ ಹಸು ಡಾಕ್ಟರ್ ಎಲ್ಲಿ ಬರ್ತಾರೆ?

ಎಂಬಿಎ ಅಸೈನ್‌ಮೆಂಟ್‌ಗೆ ನಂದಿನಿ ಹಾಲು ತಗೊಂಡಿದೀನಿ, ಪೋರ್ಟರ್ ವ್ಯಾಲ್ಯೂ ಚೈನ್‌ನಲ್ಲಿ ಒಂದೊಂದ್ ಕೆಲಸಾನೂ ಸರಿಯಾದ ಜಾಗಕ್ಕೆ ಹಾಕ್ಬೇಕು. ಡೈರೀಲಿ ಪಾಶ್ಚರೈಸ್ ಮಾಡಿ ಪ್ಯಾಕೆಟ್ ತುಂಬೋದು ಆಪರೇಷನ್ಸ್, ಅದು ಬೂತ್‌ಗೆ ಹೋಗೋದು ಔಟ್‌ಬೌಂಡ್, ಇದ್ರಲ್ಲಿ ಡೌಟಿಲ್ಲ. ಊರಿನ ಸಂಘದಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಬಲ್ಕ್ ಕೂಲರ್‌ನಲ್ಲಿ 4 ಡಿಗ್ರಿಗೆ ಇಳಿಸಿ ಇಡ್ತಾರಲ್ಲ, ಅದನ್ನ ಇನ್‌ಬೌಂಡ್‌ಗೆ ಹಾಕಿದೀನಿ, ಯಾಕಂದ್ರೆ ಅಲ್ಲಿ ಹಾಲು ಇನ್ನೂ ಕಚ್ಚಾ ಮಾಲೇ, ತಗೊಂಡು ಕೆಡದಂಗೆ ಇಡೋದಷ್ಟೇ ಕೆಲಸ. ಆದ್ರೆ ಫ್ಯಾಟ್, ಎಸ್‌ಎನ್‌ಎಫ್ ನೋಡಿ ಲೀಟರ್‌ಗೆ ಇಷ್ಟು ಅಂತ ರೇಟ್ ಕಟ್ಟೋದು ಕೊಳ್ಳೋ ತೀರ್ಮಾನ, ಸೋ ಅದು ಪ್ರೊಕ್ಯೂರ್‌ಮೆಂಟ್, ಅಂದ್ರೆ ಸಪೋರ್ಟ್ ಸಾಲು.

ಸಿಕ್ಕಾಕೊಂಡಿರೋದು ಇಲ್ಲಿ. ಒಕ್ಕೂಟದವರು ರೈತರ ಹಸುಗೆ ಡಾಕ್ಟರ್ ಕಳಿಸ್ತಾರೆ, ಪಶು ಆಹಾರಾನೂ ಕೊಡ್ತಾರೆ. ಫ್ರೆಂಡು ಇದು ಸರ್ವಿಸ್ ಅಂತಾನೆ. ಸೇವೆ ಅಂತ ಬೋರ್ಡ್ ಹಾಕಿದ್ರೆ ಸಾಕಾ ಮಾರಾಯ? ಪೋರ್ಟರ್ ಹೇಳೋ ಸರ್ವಿಸ್ ಮಾಲು ಕೊಂಡ ಗಿರಾಕಿಗೆ ಮಾಡೋದು, ರೈತ ಇಲ್ಲಿ ಹಾಲು ಕೊಡೋನು. ಒಳ್ಳೆ ಹಾಲು ತಪ್ದೆ ಬರ್ಲಿ ಅಂತ ಸಪ್ಲೈಯರ್‌ನ ಗಟ್ಟಿ ಮಾಡ್ತಿದಾರೆ, ಹಂಗಾಗಿ ಪ್ರೊಕ್ಯೂರ್‌ಮೆಂಟ್ ಅನ್ನೋದು ನನ್ ವಾದ. ಆದ್ರೆ ಪಶು ಆಹಾರಾನ ದುಡ್ಡಿಗೆ ಮಾರ್ತಾರೆ, ಅಲ್ಲಿ ರೈತನೇ ಗಿರಾಕಿ ಆಗ್ಬಿಡ್ತಾನೆ, ಅದಕ್ಕೆ ಬೇರೆ ಚೈನೇ ಬರೀಬೇಕಾ? ಗೊತ್ತಿರೋರು ಕಾರಣ ಸಮೇತ ಹೇಳಿ ಪ್ಲೀಸ್.