ಕಾಪು ಕಡಲಿನ ಫೋಟೋ: ಡಾಲ್ಫಿನ್ನೋ, ಪೋರ್ಪಾಯಿಸೋ? ಗುರುತು ಹಿಡಿಯಲು ನೆರವಾಗಿ

ಕಡಲಕರೆ:
ಕಳೆದ ಭಾನುವಾರ ಬೆಳಿಗ್ಗೆ ಕಾಪು ದೀಪಸ್ತಂಭದ ಬಳಿಯ ಬಂಡೆಯ ಮೇಲೆ ನಿಂತು ತೆಗೆದ 14 ಫೋಟೋಗಳನ್ನು ಹಾಕಿದ್ದೇನೆ. ಗಂಟೆ 8 ದಾಟಿತ್ತು. ಬಿಸಿಲು ಬೆನ್ನ ಹಿಂದಿತ್ತು, ಲೆನ್ಸ್ 300 ಮಿ.ಮೀ. ದಡದಿಂದ ಸುಮಾರು 200 ಮೀಟರ್ ಆಚೆ ಏನೋ ಎದ್ದು ಮುಳುಗುತ್ತಿತ್ತು. ಒಂದೇ ಪ್ರಾಣಿಯೋ ಎರಡೋ ಎಂಬುದು ಅಲ್ಲಿ ನಿಂತಾಗ ತಿಳಿಯಲಿಲ್ಲ.

4ನೆಯ ಫೋಟೋದಲ್ಲಿ ಬೆನ್ನಿನ ಮೇಲೆ ಸಣ್ಣ ತ್ರಿಕೋನದಂಥ ರೆಕ್ಕೆ ಕಾಣುತ್ತದೆ. 9 ಮತ್ತು 10ರಲ್ಲಿ ರೆಕ್ಕೆಯೇ ಇಲ್ಲ, ಬರೀ ನುಣುಪಾದ ಬೆನ್ನು. ಯಾವ ಫೋಟೋದಲ್ಲಿಯೂ ನನಗೆ ಕೊಕ್ಕು ಕಾಣಲಿಲ್ಲ. ಶಾಲೆಯ ಮಕ್ಕಳಿಗೆ ತೋರಿಸುವ ಫಲಕದಲ್ಲಿ ಇವನ್ನು ಹಾಕಬೇಕೆಂದಿದ್ದೇನೆ. ತಪ್ಪು ಹೆಸರು ಬರೆದರೆ ಮಕ್ಕಳು ಅದನ್ನೇ ಕಲಿಯುತ್ತಾರೆ. ಇದು ಡಾಲ್ಫಿನ್ನೋ, ಅದನ್ನೇ ಹೋಲುವ ಪೋರ್ಪಾಯಿಸೋ, ತಿಳಿದವರು ದಯವಿಟ್ಟು ನೋಡಿ ಹೇಳಿ.

ಹೊರನಾಡಿನಿಂದ ಬಂದವ:
ಇದು ಪೋರ್ಪಾಯಿಸ್. ಅನುಮಾನವೇ ಬೇಡ. ನಾನು ಒಂಬತ್ತು ವರ್ಷ ಸ್ಕಾಟ್ಲೆಂಡಿನಲ್ಲಿದ್ದೆ, ಅಲ್ಲಿನ ದಡದಲ್ಲಿ ಇವನ್ನು ನೋಡುವುದೇ ನನ್ನ ಹವ್ಯಾಸವಾಗಿತ್ತು. ನಿಯಮ ಸುಲಭ: ಬೆನ್ನುರೆಕ್ಕೆ ಕುಡುಗೋಲಿನಂತೆ ಹಿಂದಕ್ಕೆ ಬಾಗಿದ್ದರೆ ಡಾಲ್ಫಿನ್, ಗಿಡ್ಡ ತ್ರಿಕೋನವಾಗಿದ್ದರೆ ಪೋರ್ಪಾಯಿಸ್. ಕೊಕ್ಕು ಚಾಚಿದ್ದರೆ ಡಾಲ್ಫಿನ್, ಮುಖ ಮೊಂಡಾಗಿದ್ದರೆ ಪೋರ್ಪಾಯಿಸ್. ನಿಮ್ಮ 4ನೆಯ ಫೋಟೋದಲ್ಲಿ ತ್ರಿಕೋನವಿದೆ, ಕೊಕ್ಕಿಲ್ಲ. ಎರಡೂ ಹೊಂದಿಕೊಂಡವು.

ಸೋಮೇಶ್ವರ ತೀರ:
ನನ್ನದೂ ಇಂಥದ್ದೇ ಪ್ರಶ್ನೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ಮನೆಯ ಹತ್ತಿರ ದಡಕ್ಕೆ ಒಂದು ಸತ್ತು ಬಂದಿತ್ತು. ಬೆನ್ನಿನ ಮೇಲೆ ರೆಕ್ಕೆ ಇರಲಿಲ್ಲ. ನೋಡಲು ಬಂದವರೆಲ್ಲ ಡಾಲ್ಫಿನ್ ಎಂದರು. ಅದು ಪೋರ್ಪಾಯಿಸ್ ಆಗಿತ್ತೇ? ನನ್ನ ಬಳಿ ಇರುವುದು ಒಂದೇ ಫೋಟೋ, ಅದರಲ್ಲಿ ತಲೆಯ ಭಾಗವನ್ನು ಮರಳು ಮುಚ್ಚಿದೆ.

ಅಳಿವೆ ಬಾಗಿಲು:
ಹೊರನಾಡಿನಿಂದ ಬಂದ ಸರ್, ನೀವು ಹೇಳಿದ ನಿಯಮ ಸ್ಕಾಟ್ಲೆಂಡಿನ ಕಡಲಿಗೆ ಸರಿ. ನಮ್ಮ ಕಡಲಿನಲ್ಲಿ ಅದೇ ನಿಯಮ ತಲೆಕೆಳಗಾಗುತ್ತದೆ. ಭಾರತದ ಕಡಲಿನಲ್ಲಿರುವ ಪೋರ್ಪಾಯಿಸ್ ಒಂದೇ ಜಾತಿ, ಅದಕ್ಕೆ ಬೆನ್ನುರೆಕ್ಕೆಯೇ ಇಲ್ಲ. ರೆಕ್ಕೆ ಇರಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುವ ತಗ್ಗಾದ ಪಟ್ಟಿಯೊಂದಿರುತ್ತದೆ, 200 ಮೀಟರ್ ದೂರದಿಂದ ಅದು ಕಾಣುವುದಿಲ್ಲ. ಹಾಗಾಗಿ ಕಾಪು, ಮಲ್ಪೆ, ಪಣಂಬೂರು ಎಲ್ಲೇ ಆಗಲಿ, ಬೆನ್ನಿನ ಮೇಲೆ ರೆಕ್ಕೆಯೊಂದು ಸ್ಪಷ್ಟವಾಗಿ ಕಂಡರೆ, ಅದರ ಆಕಾರ ಏನೇ ಇದ್ದರೂ ಪೋರ್ಪಾಯಿಸ್ ಅಲ್ಲ. ನೀವು ಅಲ್ಲಿ ನೋಡಿದ್ದು ರೆಕ್ಕೆಯಿರುವ ಬೇರೆ ಜಾತಿ, ಅದು ಈ ಕಡಲಿಗೆ ಬರುವುದಿಲ್ಲ.

ಈಗ 4ನೆಯ ಫೋಟೋ. ರೆಕ್ಕೆಯನ್ನು ಬಿಟ್ಟು ಅದರ ಬುಡವನ್ನು ನೋಡಿ. ಬೇರೆ ಡಾಲ್ಫಿನ್‌ಗಳಲ್ಲಿ ರೆಕ್ಕೆ ನೇರವಾಗಿ ಬೆನ್ನಿನಿಂದಲೇ ಏಳುತ್ತದೆ. ಇಲ್ಲಿ ಹಾಗಿಲ್ಲ. ಬೆನ್ನು ಮೊದಲು ಉದ್ದನೆಯ ದಿಬ್ಬವಾಗಿ ಏರಿದೆ, ದಿಬ್ಬದ ತುದಿಯಲ್ಲಿ ಸಣ್ಣ ರೆಕ್ಕೆ ಕೂತಿದೆ, ಗೋಪುರದ ಮೇಲೆ ಕಲಶವಿಟ್ಟ ಹಾಗೆ. ಇದು ಗೂನುಬೆನ್ನಿನ ಡಾಲ್ಫಿನ್. ಅಳಿವೆಗಳ ಆಸುಪಾಸಿನಲ್ಲಿ, ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಇರುವ ಜಾತಿ. ದಡದಲ್ಲಿ ನಿಂತವರ ಕ್ಯಾಮೆರಾಕ್ಕೆ ಸಿಗುವುದು ಹೆಚ್ಚಾಗಿ ಇದೇ.

ಕೊಕ್ಕಿನ ವಿಷಯಕ್ಕೆ ಬಂದರೆ, 4ರಲ್ಲಿ ಅದು ಆಗಲೇ ನೀರಿನೊಳಗೆ ಹೋಗಿದೆ. ಡಾಲ್ಫಿನ್ ಉಸಿರಿಗೆ ಎದ್ದಾಗ ಮೊದಲು ಕೊಕ್ಕು, ಆಮೇಲೆ ತಲೆ, ಆಮೇಲೆ ಬೆನ್ನು. ರೆಕ್ಕೆ ಪೂರ್ತಿ ಮೇಲೆ ಬರುವ ಹೊತ್ತಿಗೆ ಮುಖ ಮುಳುಗಿರುತ್ತದೆ. ಹಾಗಾಗಿ ಎರಡೂ ಒಂದೇ ಫೋಟೋದಲ್ಲಿ ಸಿಗುವುದು ಅಪರೂಪ. 2 ಮತ್ತು 3ನೆಯ ಫೋಟೋಗಳ ಎಡ ಅಂಚಿನಲ್ಲಿ ತಿಳಿಬಣ್ಣದ ಗೀಟೊಂದಿದೆ. ಅದನ್ನು ದೊಡ್ಡದು ಮಾಡಿ ನೋಡಿ ಹೇಳುತ್ತೀರಾ?

ಕಡಲಕರೆ:
ಮೇಡಂ, ನಾನು ಅದನ್ನು ನೊರೆ ಎಂದುಕೊಂಡಿದ್ದೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಸುತ್ತಲಿನ ನೊರೆ 2ರಿಂದ 3ಕ್ಕೆ ಬರುವಷ್ಟರಲ್ಲಿ ಚದುರಿ ಬೇರೆಯೇ ಆಗಿದೆ. ಈ ಗೀಟು ಮಾತ್ರ ಎರಡರಲ್ಲಿಯೂ ಒಂದೇ ಆಕಾರದಲ್ಲಿದೆ, ನೀರಿನಿಂದ ಓರೆಯಾಗಿ ಮೇಲೆ ಚಾಚಿದೆ, ಕೆಳ ಅಂಚು ನೇರವಾಗಿದೆ. ಕೊಕ್ಕೇ ಇರಬೇಕು.

ಒಂದು ಗೊಂದಲ ಉಳಿದಿದೆ. ಈ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಗೂನೇ ಇಲ್ಲದ ಗುಲಾಬಿ ಬಣ್ಣದ ಡಾಲ್ಫಿನ್‌ಗಳು ಬರುತ್ತಿವೆ. ನನ್ನದು ಬೂದು ಬಣ್ಣ.

ಅಳಿವೆ ಬಾಗಿಲು:
ನೊರೆಯನ್ನೂ ಕೊಕ್ಕನ್ನೂ ಬೇರೆ ಮಾಡುವ ದಾರಿ ಅದೇ. ಒಂದು ಫೋಟೋದಲ್ಲಿ ಕಂಡದ್ದು ಮುಂದಿನದರಲ್ಲಿಯೂ ಅದೇ ಆಕಾರದಲ್ಲಿದ್ದರೆ ಅದು ದೇಹದ ಭಾಗ.

ಗುಲಾಬಿ ಬಣ್ಣದವು ಚೀನಾ ಕಡೆಯವು. ಮೊದಲು ಎರಡನ್ನೂ ಒಂದೇ ಜಾತಿಯೆಂದು ಎಣಿಸುವವರೇ ಹೆಚ್ಚಿದ್ದರು. 2014ರಲ್ಲಿ ನಮ್ಮ ಕಡಲಿನದನ್ನು ಸೂಸಾ ಪ್ಲಂಬಿಯಾ ಎಂದು ಬೇರೆ ಜಾತಿಯಾಗಿ ಗುರುತಿಸಿದರು. ಹಳೆಯ ಪುಸ್ತಕಗಳಲ್ಲಿಯೂ ಜಾಲತಾಣಗಳಲ್ಲಿಯೂ ಹೆಸರುಗಳು ಬೆರೆತೇ ಉಳಿದಿವೆ. ಗೂನು ಎದ್ದು ಕಾಣುವುದು ನಮ್ಮ ಕಡೆಯದಕ್ಕೆ. ಮರಿಗಳಿಗೆ ಮಾತ್ರ ಗೂನು ಇನ್ನೂ ಮೂಡಿರುವುದಿಲ್ಲ, ಅವುಗಳ ಫೋಟೋ ನೋಡಿ ಮೋಸ ಹೋಗುವುದುಂಟು. ಬಣ್ಣವನ್ನಂತೂ ನಾನು ಕೊನೆಗೆ ನೋಡುತ್ತೇನೆ. ನಮ್ಮ ದಡದಲ್ಲಿ ಸಂಜೆ ತೆಗೆದ ಫೋಟೋಗಳೆಲ್ಲ ಸೂರ್ಯನಿಗೆ ಎದುರಾಗಿ ತೆಗೆದವು. ಅವುಗಳಲ್ಲಿ ಎಲ್ಲ ಪ್ರಾಣಿಗಳೂ ಕಪ್ಪೇ. ಆದರೆ ದೇಹದ ಹೊರಗೆರೆ ಅಂಥ ಫೋಟೋಗಳಲ್ಲಿಯೂ ಚೆನ್ನಾಗಿಯೇ ಸಿಗುತ್ತದೆ.

ಸೋಮೇಶ್ವರದವರೇ, ಸತ್ತ ಪ್ರಾಣಿಯ ವಿಷಯದಲ್ಲಿ ರೆಕ್ಕೆ ಇಲ್ಲವೆಂಬುದೊಂದನ್ನೇ ನಂಬಬೇಡಿ. ಬಲೆ ಕುಯ್ದು, ನಾಯಿ ಕಚ್ಚಿ, ಕೊಳೆತು ರೆಕ್ಕೆ ಹೋಗಿರಬಹುದು. ಬೆನ್ನಿನ ನಡುವೆ ಗಾಯದ ಗುರುತು ಇದೆಯೇ ನೋಡಬೇಕು. ತಲೆ ಉಳಿದಿದ್ದರೆ ಕೆಲಸ ಸುಲಭ, ಗೂನುಬೆನ್ನಿನದಕ್ಕೆ ಉದ್ದ ಕೊಕ್ಕು, ಪೋರ್ಪಾಯಿಸಿಗೆ ಗುಂಡು ತಲೆ. ಇನ್ನೂ ಖಚಿತವಾಗಬೇಕಿದ್ದರೆ ಹಲ್ಲು: ಡಾಲ್ಫಿನ್ನಿನದು ಮೊನಚಾದ ಶಂಕು, ಪೋರ್ಪಾಯಿಸಿನದು ತುದಿ ಚಪ್ಪಟೆಯಾದ ಸನಿಕೆಯಂತೆ. ನಿಮ್ಮ ಫೋಟೋದಲ್ಲಿ ತಲೆಯೇ ಇಲ್ಲದಿರುವುದರಿಂದ ನಾನು ಹೆಸರು ಹೇಳಲಾರೆ. ಮುಂದೆ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ, ಅರಣ್ಯ ಇಲಾಖೆಗೆ ತಿಳಿಸಿ, ಪಕ್ಕದಿಂದ ಇಡೀ ದೇಹ ಬರುವಂತೆ ಒಂದು, ತಲೆಯದು ಒಂದು ಫೋಟೋ ತೆಗೆಯಿರಿ.

ಹೊರನಾಡಿನಿಂದ ಬಂದವ:
ರೆಕ್ಕೆಯ ವಿಷಯ ಒಪ್ಪಿದೆ, ನನಗೆ ಇದು ಗೊತ್ತಿರಲಿಲ್ಲ. ಹಾಗಿದ್ದರೆ 9 ಮತ್ತು 10 ಪೋರ್ಪಾಯಿಸ್ ಎಂದಾಯಿತಲ್ಲವೇ? ರೆಕ್ಕೆ ಇಲ್ಲ, ಕೊಕ್ಕೂ ಇಲ್ಲ.

ಮಲ್ಪೆ ನಾಡದೋಣಿ:
ರೆಕ್ಕೆಯಿಲ್ಲದ್ದು ನಮ್ಮಲ್ಲಿ ಇದೆ ಮಾರಾಯರೇ, ನಾನು ಎಷ್ಟೋ ಸಲ ನೋಡಿದ್ದೇನೆ. ಬೋಳು ತಲೆ, ಸಣ್ಣ ದೇಹ. ಒಂದೋ ಎರಡೋ ಇರುತ್ತವೆ. ಡಾಲ್ಫಿನ್ ಆದರೆ ದೋಣಿಯ ಪಕ್ಕದಲ್ಲಿಯೇ ನೀರು ಚಿಮ್ಮಿಸಿಕೊಂಡು ಹೋಗುತ್ತದೆ, ಬೂತಾಯಿ ಗುಂಪು ಇದ್ದರಂತೂ ಬಲೆಯನ್ನೂ ಬಿಡುವುದಿಲ್ಲ. ಇದು ಹಾಗಲ್ಲ. ಸದ್ದಿಲ್ಲದೆ ಏಳುತ್ತದೆ, ನೀರು ಚಿಮ್ಮುವುದಿಲ್ಲ, ಎಂಜಿನ್ ಹತ್ತಿರ ಬಂತೆಂದರೆ ಮತ್ತೆ ಕಾಣುವುದೇ ಇಲ್ಲ. ಬೀಡುಬಲೆಗೆ ಸಿಕ್ಕಿ ಸತ್ತದ್ದನ್ನೂ ನೋಡಿದ್ದೇನೆ, ಬಿಡಿಸುವಾಗ ಮನಸ್ಸಿಗೆ ಬಹಳ ಬೇಸರವಾಗುತ್ತದೆ. ಕಾಪುವಿನ ಬಂಡೆಯ ಹತ್ತಿರ ಮಾತ್ರ ನಾನು ಕಂಡದ್ದಿಲ್ಲ.

ಅಳಿವೆ ಬಾಗಿಲು:
ಅಣ್ಣ, ನೀವು ಹೇಳಿದ ನಡವಳಿಕೆ ಪೋರ್ಪಾಯಿಸಿಗೆ ತುಂಬ ಚೆನ್ನಾಗಿ ಹೊಂದುತ್ತದೆ. ಅವುಗಳ ಸಾವಿಗೆ ದೊಡ್ಡ ಕಾರಣವೂ ಅಂಥ ಬಲೆಗಳೇ.

9 ಮತ್ತು 10ರ ವಿಷಯದಲ್ಲಿ ಅವಸರ ಬೇಡ. ರೆಕ್ಕೆ ಇದೆ ಎನ್ನಲು ಒಂದು ಫೋಟೋ ಸಾಕು. ರೆಕ್ಕೆ ಇಲ್ಲ ಎನ್ನಲು ಒಂದು ಫೋಟೋ ಸಾಲದು. ಡಾಲ್ಫಿನ್ ಎದ್ದಾಗಲೂ ತಲೆ ಬಂದು ರೆಕ್ಕೆ ಇನ್ನೂ ಬಾರದ ಕ್ಷಣವೊಂದಿದೆ, ಆ ಕ್ಷಣದಲ್ಲಿ ಅದರ ಬೆನ್ನೂ ನುಣುಪೇ. ಆದ್ದರಿಂದ ಒಂದೇ ಏಳುವಿಕೆಯಲ್ಲಿ ಉಸಿರುರಂಧ್ರ ಮೇಲೆ ಬಂದಲ್ಲಿಂದ ಬಾಲದ ಬುಡ ಮುಳುಗುವ ತನಕ ಬಿಡದೆ ತೆಗೆದ ಸಾಲು ಬೇಕು. ಆ ಸಾಲಿನಲ್ಲಿ ಎಲ್ಲಿಯೂ ರೆಕ್ಕೆ ಬಾರದೆ, ಬೆನ್ನು ಒಂದೇ ಸಮನಾದ ಕಮಾನಾಗಿ ಜಾರಿ ಹೋದರೆ ಪೋರ್ಪಾಯಿಸ್ ಎನ್ನಬಹುದು. 9 ಮತ್ತು 10ರ ನಡುವೆ ಎಷ್ಟು ಹೊತ್ತು ಕಳೆದಿದೆ? ಮೂಲ ಫೈಲಿನಲ್ಲಿ ಸಮಯ ಇರುತ್ತದೆ.

ಕಡಲಕರೆ:
ನೋಡಿದೆ. 9 ತೆಗೆದದ್ದು 8:12:41ಕ್ಕೆ, 10 ತೆಗೆದದ್ದು 8:12:44ಕ್ಕೆ. ನಡುವೆ ಫೋಕಸ್ ತಪ್ಪಿತ್ತು, ಬಟನ್ನಿನಿಂದ ಬೆರಳು ತೆಗೆದಿದ್ದೆ. 9ರಲ್ಲಿ ತಲೆಯ ಹಿಂಭಾಗವೂ ಅರ್ಧ ಬೆನ್ನೂ ಇದೆ. 10ರಲ್ಲಿ ಬೆನ್ನಿನ ತುಣುಕು ಮಾತ್ರ, ಬಲಗಡೆ ಅಲೆ ಅಡ್ಡ ಬಂದಿದೆ.

ಅಳಿವೆ ಬಾಗಿಲು:
ಮೂರು ಸೆಕೆಂಡ್ ಎಂದರೆ ಅದು ಒಂದೇ ಏಳುವಿಕೆಯೆಂದು ಹೇಳಲಾಗದು. ಒಂದು ಮುಳುಗಿ ಇನ್ನೊಂದು ಎದ್ದಿರಬಹುದು. 10ರ ಬಲತುದಿಯಲ್ಲಿ, ಅಲೆಗೆ ಸ್ವಲ್ಪ ಮುಂಚೆ, ಬೆನ್ನಿನ ಗೆರೆ ತುಸು ಮೇಲಕ್ಕೆ ತಿರುಗಿದಂತೆ ನನಗೆ ಕಾಣುತ್ತಿದೆ. ಅದು ಗೂನಿನ ಆರಂಭವಾದರೆ ಇದೂ ಅದೇ ಡಾಲ್ಫಿನ್.

ಹೊರನಾಡಿನಿಂದ ಬಂದವ:
ನನಗೆ ಅದು ಅಲೆಯ ನೆರಳಿನಂತೆ ಕಾಣುತ್ತದೆ. 9ರಲ್ಲಿ ತಲೆ ತುಂಬ ಗುಂಡಾಗಿದೆ, ನಾನು ಇನ್ನೂ ಪೋರ್ಪಾಯಿಸ್ ಎಂದೇ ಹೇಳುತ್ತೇನೆ.

ಅಳಿವೆ ಬಾಗಿಲು:
ತಲೆಯ ಹಿಂಭಾಗ ಎಲ್ಲಕ್ಕೂ ಗುಂಡೇ ಸರ್, ಕೊಕ್ಕು ಇದೆಯೋ ಇಲ್ಲವೋ ತಿಳಿಯುವುದು ಹಣೆಯ ಮುಂದೆ, ಆ ಭಾಗ ನೀರಿನಲ್ಲಿದೆ. ನೀವು ಹೇಳಿದ್ದು ಸರಿಯಾಗಿರಲೂಬಹುದು. ಈ ಎರಡು ಫೋಟೋಗಳಿಂದ ಅದನ್ನು ಸಾಧಿಸಲು ಆಗುವುದಿಲ್ಲ.

ಕಡಲಕರೆ:
ಫಲಕದಲ್ಲಿ 2, 3, 4ನ್ನು ಸಾಲಾಗಿ ಹಾಕಿ ಗೂನುಬೆನ್ನಿನ ಡಾಲ್ಫಿನ್ ಎಂದು ಬರೆದಿದ್ದೇನೆ, ದಿಬ್ಬದ ಬುಡಕ್ಕೆ ಒಂದು ಬಾಣದ ಗುರುತು. 9 ಮತ್ತು 10ರ ಕೆಳಗೆ ‘ಗುರುತು ಸಿಕ್ಕಿಲ್ಲ’ ಎಂದು ಬರೆದು, ದಿನಾಂಕ, ಸಮಯ, ಜಾಗ ಹಾಕಿಟ್ಟಿದ್ದೇನೆ. ಬರುವ ಭಾನುವಾರವೂ ಬೆಳಗಿನ ಬೆಳಕಿನಲ್ಲಿಯೇ ಹೋಗುತ್ತೇನೆ. ಶಟರ್ ವೇಗ 1/1000ಕ್ಕಿಂತ ಕಡಿಮೆಯಾಗದಂತೆ ಇಟ್ಟು, ಬಾಲದ ಬುಡ ಮುಳುಗುವ ತನಕ ಬೆರಳು ತೆಗೆಯುವುದಿಲ್ಲ.

ಮಲ್ಪೆ ನಾಡದೋಣಿ:
ಗಾಳಿ ಏಳುವ ಮೊದಲೇ ಹೋಗಿ, ಏಳು ಗಂಟೆಯೊಳಗೆ. ನೀರು ಎಣ್ಣೆಯ ಹಾಗೆ ನಿಂತಿದ್ದರೆ ಮಾತ್ರ ರೆಕ್ಕೆಯಿಲ್ಲದ್ದು ಕಣ್ಣಿಗೆ ಬೀಳುತ್ತದೆ. ಸಣ್ಣ ಅಲೆ ಎದ್ದರೂ ಅದು ಪಕ್ಕದಲ್ಲೇ ಹೋದರೂ ತಿಳಿಯುವುದಿಲ್ಲ.